ಅಜ್ಜಿಯ ‘ಚಿ.’ ಇಂಗ್ಲಿಷಿಗೆ ದಾಟುವಾಗ

‘ಚಿ. ರೋಹನನಿಗೆ ಅಜ್ಜಿ ಮಾಡುವ ಅನಂತ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ದೇವರು ನಿನಗೆ ಆಯುರಾರೋಗ್ಯ ಕೊಟ್ಟು ಕಾಪಾಡಲಿ.’ ಅಮೆರಿಕದಲ್ಲಿ ಬೆಳೆದ, ಕನ್ನಡ ಓದಲು ಬಾರದ ಮೊಮ್ಮಗನಿಗೆ ಇಂಥ ಕಾಗದವನ್ನು ಇಂಗ್ಲಿಷಿನಲ್ಲಿ ತಲುಪಿಸುವುದು ಹೇಗೆ?

‘ಚಿ.’ ಎಂದರೆ ಚಿರಂಜೀವಿ. ಕಿರಿಯರ ಹೆಸರಿಗೆ ಮೊದಲು ಬರೆಯುವ ಹಾರೈಕೆ. ಅದನ್ನು ‘ಇಮ್ಮಾರ್ಟಲ್’ ಎಂದರೆ ಹುಡುಗ ನಕ್ಕಾನು. ‘ಮೈ ಡಿಯರ್ ರೋಹನ್’ ಎಂದರೆ ಅಕ್ಕರೆ ಉಳಿಯುತ್ತದೆ, ದೀರ್ಘಾಯುಸ್ಸಿನ ಹಾರೈಕೆ ಬಿಟ್ಟುಹೋಗುತ್ತದೆ. ಅದನ್ನು ಕೊನೆಯ ಸಾಲಿಗೆ ಸೇರಿಸಿಕೊಳ್ಳಬಹುದು: ‘ಮೇ ಗಾಡ್ ಕೀಪ್ ಯು ಸೇಫ್ ಅಂಡ್ ವೆಲ್, ಅಂಡ್ ಗಿವ್ ಯು ಎ ಲಾಂಗ್ ಲೈಫ್.’ ‘ಕಾಪಾಡಲಿ’ ಎಂಬುದರ ‘ಅಲಿ’ ಪ್ರತ್ಯಯದ ಕೆಲಸವನ್ನು ಇಲ್ಲಿ ‘ಮೇ’ ಮಾಡುತ್ತದೆ.

‘ಅಜ್ಜಿ ಮಾಡುವ’ ಎಂದು ತನ್ನನ್ನೇ ಮೂರನೆಯವಳಂತೆ ಹೇಳಿಕೊಳ್ಳುವುದು ಕಾಗದದ ಹಳೆಯ ರೂಢಿ. ಇಂಗ್ಲಿಷಿನಲ್ಲಿ ಅದು ಬಿಗುವಾಗಿ ಕೇಳಿಸುತ್ತದೆ. ‘ಐ ಸೆಂಡ್ ಯು ಆಲ್ ಮೈ ಲವ್ ಅಂಡ್ ಬ್ಲೆಸಿಂಗ್ಸ್’ ಎಂದರೆ ಅಜ್ಜಿಯೇ ಎದುರಿಗೆ ಕೂತು ಮಾತಾಡಿದಂತೆ. ಸಹಿಯಲ್ಲಿ ಮಾತ್ರ ‘ಗ್ರ್ಯಾಂಡ್‌ಮಾ’ ಬೇಡ; ಅವನು ಫೋನಿನಲ್ಲಿ ಕರೆಯುವ ‘ಅಜ್ಜಿ’ಯೇ ಇರಲಿ.