ಒಂದು ‘h’ ಬಿಟ್ಟುಹೋದಾಗ

ತಿಪ್ಪೇಸ್ವಾಮಿ ಎಂಬ ಹೆಸರನ್ನು ಕನ್ನಡದಲ್ಲಿ ಎಲ್ಲರೂ ಒಂದೇ ರೀತಿ ಬರೆಯುತ್ತಾರೆ. ಇಂಗ್ಲಿಷಿಗೆ ಹೋದರೆ ಅದು Thippeswamy, Tippeswamy, Thippeswami ಎಂದು ಮೂರಾಗುತ್ತದೆ. ಚಿತ್ರದುರ್ಗದ ಕಡೆ ಬೀದಿಗೊಬ್ಬರಂತೆ ಸಿಗುವ ಈ ಹೆಸರಿನವರಿಗೆ ಊರಲ್ಲಿ ಅದರಿಂದೇನೂ ತೊಂದರೆಯಿಲ್ಲ. ಪ್ಯಾನ್ ಮತ್ತು ಆಧಾರ್ ಜೋಡಿಸಲು ಕೂತಾಗ ಮಾತ್ರ ತಕರಾರು ಶುರುವಾಗುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಒಬ್ಬರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್ ಮೂರರಲ್ಲೂ Thippeswamy H ಎಂದಿದೆ. ಪ್ಯಾನ್ ಕಾರ್ಡಿನಲ್ಲಿ ಮಾತ್ರ Tippeswamy Hanumanthappa. ನೋಡಿದರೆ ಎರಡು ವ್ಯತ್ಯಾಸ, ಆದರೆ ಎರಡರ ಕಾರಣ ಬೇರೆ ಬೇರೆ.

‘h’ ಬಿದ್ದುಹೋದದ್ದು ಶುದ್ಧ ತಪ್ಪು. ಅರ್ಜಿ ತುಂಬಿಕೊಟ್ಟವರ ಕೈತಪ್ಪಿರಬಹುದು, ಟೈಪ್ ಮಾಡಿದವರದ್ದೂ ಇರಬಹುದು. ಇನಿಷಿಯಲ್ ‘H’ ಹೋಗಿ Hanumanthappa ಆದದ್ದು ಹಾಗಲ್ಲ. ಪ್ಯಾನ್ ಅರ್ಜಿ ಹೆಸರನ್ನು ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ಮೊದಲ ಮತ್ತು ಕೊನೆಯ ಹೆಸರಿನ ಜಾಗದಲ್ಲಿ ಇನಿಷಿಯಲ್ ನಡೆಯುವುದಿಲ್ಲ. ಮನೆತನದ ಹೆಸರೇ ಇಟ್ಟುಕೊಳ್ಳದ ನಮ್ಮ ಕಡೆಯವರು ಆ ಜಾಗಕ್ಕೆ ಅಪ್ಪನ ಹೆಸರನ್ನು ಬಿಡಿಸಿ ಬರೆಯುತ್ತಾರೆ. ಹಾಗಾಗಿ ಈ ಎರಡನೆಯದನ್ನು ತಿದ್ದಿಸಲು ಹೋಗಬಾರದು, ವಿವರಿಸಬೇಕು. ಪತ್ರ ಬೇಕಾಗುವುದು ಅದಕ್ಕೇ.

ಬಹಳ ಜನ ಪತ್ರ ಬರೆದರೆ ಹೆಸರು ಸರಿಯಾಗುತ್ತದೆ ಎಂದುಕೊಂಡಿದ್ದಾರೆ. ಇನ್ನು ಕೆಲವರು ಸ್ಟಾಂಪ್ ಪೇಪರಿನ ಮೇಲೆ ‘ಇಬ್ಬರೂ ಒಬ್ಬರೇ’ ಎಂದು ಅಫಿಡವಿಟ್ ಮಾಡಿಸಿ ನೆಮ್ಮದಿಯಾಗಿರುತ್ತಾರೆ. ಅಫಿಡವಿಟ್ಟನ್ನು ಮನುಷ್ಯರು ಓದಿ ಒಪ್ಪಿಕೊಳ್ಳಬಹುದು, ಕಂಪ್ಯೂಟರ್ ಓದುವುದಿಲ್ಲ. ದಾಖಲೆ ಬದಲಾಗಬೇಕಾದರೆ ಪ್ಯಾನ್ ವಿವರಗಳ ತಿದ್ದುಪಡಿ ಅರ್ಜಿಯನ್ನೇ ಪ್ರೋಟಿಯನ್ ಅಥವಾ ಯುಟಿಐಐಟಿಎಸ್ಎಲ್ ಮೂಲಕ ಸಲ್ಲಿಸಬೇಕು. ಆ ಅರ್ಜಿಯಲ್ಲಿ ಪ್ರತಿ ವಿವರದ ಎಡಗಡೆ ಒಂದು ಪುಟ್ಟ ಚೌಕವಿದೆ. ಹೆಸರನ್ನು ಎಷ್ಟೇ ಸರಿಯಾಗಿ ಬರೆದರೂ ಅದರ ಪಕ್ಕದ ಚೌಕದಲ್ಲಿ ಗುರುತು ಹಾಕದಿದ್ದರೆ ಹಳೆಯ ಹೆಸರೇ ಮತ್ತೆ ಅಚ್ಚಾಗಿ ಬರುತ್ತದೆ.

ಅರ್ಜಿಯ ಜೊತೆಗಿಡುವ ಪತ್ರ ಅರ್ಧ ಪುಟ ಸಾಕು. ಕಷ್ಟಸುಖ ತೋಡಿಕೊಳ್ಳುವ ಜಾಗ ಅದಲ್ಲ. ಪ್ಯಾನ್ ಸಂಖ್ಯೆ, ಈಗಿರುವ ಹೆಸರು, ಇರಬೇಕಾದ ಹೆಸರು, ಈ ಮೂರನ್ನು ಒಂದರ ಕೆಳಗೊಂದು ಬರೆದು, ಮುಂದೆ ಇಷ್ಟು ಹೇಳಿದರಾಯಿತು: “ನನ್ನ ಮೊದಲ ಹೆಸರಿನಲ್ಲಿ T ಆದ ಮೇಲೆ h ಅಕ್ಷರ ಬಿಟ್ಟುಹೋಗಿದೆ. ಆಧಾರ್‌ನಲ್ಲಿರುವ H ಎಂಬ ಇನಿಷಿಯಲ್ ನನ್ನ ತಂದೆಯ ಹೆಸರಾದ Hanumanthappa ಎಂಬುದರದ್ದು. ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಹೆಸರು ಪೂರ್ತಿಯಾಗಿದೆ, ಪ್ರತಿ ಲಗತ್ತಿಸಿದ್ದೇನೆ.” ಈ ಪತ್ರ ಇಂಗ್ಲಿಷಿನಲ್ಲಿದ್ದರೆ ಒಳ್ಳೆಯದು, ಯಾಕೆಂದರೆ ಜಗಳ ಇರುವುದೇ ಇಂಗ್ಲಿಷ್ ಅಕ್ಷರದ ಮೇಲೆ.

ಇಷ್ಟಾದ ಮೇಲೂ ‘H’ ಮತ್ತು ‘Hanumanthappa’ ಹೊಂದಿಕೆಯಾಗದೆ ಜೋಡಣೆ ನಿಂತುಹೋದರೆ ಎರಡು ದಾರಿ ಇವೆ. ಪ್ಯಾನ್ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಜೋಡಿಸಿಕೊಳ್ಳುವುದು ಒಂದು. ಆಧಾರ್‌ನಲ್ಲೇ ಇನಿಷಿಯಲ್ ಬಿಡಿಸಿ ಬರೆಸುವುದು ಇನ್ನೊಂದು. ಎರಡನೆಯದಕ್ಕೆ ಕೈಹಾಕುವ ಮುನ್ನ ಯೋಚಿಸಬೇಕು: ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಸಾಮಾನ್ಯವಾಗಿ ಎರಡೇ ಅವಕಾಶ. ಅಂಥ ಅವಕಾಶವನ್ನು ಪ್ಯಾನ್‌ನ ತಪ್ಪು ಸ್ಪೆಲ್ಲಿಂಗ್‌ಗೆ ತಕ್ಕಂತೆ ಆಧಾರ್ ಬದಲಿಸಲು ಖರ್ಚು ಮಾಡಿಕೊಂಡವರಿದ್ದಾರೆ. ಮುಂದೆ ಪಾಸ್‌ಪೋರ್ಟಿಗೆ ಮಾರ್ಕ್ಸ್ ಕಾರ್ಡು ತೋರಿಸಬೇಕಾದಾಗ ಅವರು ಮತ್ತೆ ಮೊದಲಿನಿಂದ ಶುರುಮಾಡಬೇಕು.

ಅದಕ್ಕಿಂತ ದೊಡ್ಡ ಎಡವಟ್ಟು, ‘ಹೊಸ ಪ್ಯಾನ್ ಮಾಡಿಸಿಬಿಡಿ’ ಎಂಬ ಸೈಬರ್ ಸೆಂಟರ್ ಸಲಹೆ. ಒಬ್ಬರ ಹತ್ತಿರ ಎರಡು ಪ್ಯಾನ್ ಇದ್ದರೆ 10,000 ರೂಪಾಯಿ ದಂಡಕ್ಕೆ ದಾರಿಯಿದೆ. ತಿದ್ದುಪಡಿಯಲ್ಲಿ ಸಂಖ್ಯೆ ಬದಲಾಗುವುದೇ ಇಲ್ಲ. ಪ್ಯಾನ್‌ನ ಐದನೆಯ ಅಕ್ಷರ ಕೊನೆಯ ಹೆಸರಿನ ಮೊದಲಕ್ಷರ. ನಮ್ಮ ಉದಾಹರಣೆಯಲ್ಲಿ ಅದು H. ಮದುವೆಯಾಗಿ ಕೊನೆಯ ಹೆಸರೇ ಬೇರೆಯಾದರೂ ಆ ಅಕ್ಷರ ಹಳೆಯದೇ ಉಳಿಯುತ್ತದೆ. ಅದನ್ನು ತಪ್ಪೆಂದು ತಿಳಿದು ಮತ್ತೊಂದು ಅರ್ಜಿ ಹಾಕಬೇಕಿಲ್ಲ.

ಹೊಸ ಕಾರ್ಡು ಕೈಗೆ ಬಂದ ಕೂಡಲೇ ಕೆಲಸ ಮುಗಿಯಿತೆನ್ನುವಂತಿಲ್ಲ. ಪ್ಯಾನ್‌ನಲ್ಲಿ ಸರಿಯಾದ ಹೆಸರು ಬ್ಯಾಂಕಿಗೆ ತಾನಾಗಿ ಹರಿದು ಹೋಗುವುದಿಲ್ಲ. ಆದಾಯ ತೆರಿಗೆ ರಿಫಂಡ್ ಬರಬೇಕಾದ ಖಾತೆಯ ಹೆಸರನ್ನೂ ಇಲಾಖೆಯ ಪೋರ್ಟಲ್ ಪ್ಯಾನ್ ಜೊತೆ ಹೋಲಿಸಿ ನೋಡುತ್ತದೆ. ತಾಳೆಯಾಗದಿದ್ದರೆ ರಿಫಂಡ್ ಅಲ್ಲೇ ನಿಲ್ಲಬಹುದು. ಆದ್ದರಿಂದ ಶಾಖೆಯ ಮ್ಯಾನೇಜರಿಗೆ ಎರಡನೆಯ ಪತ್ರ ಬರೆಯಬೇಕು. ಇದು ಕನ್ನಡದಲ್ಲೇ ಇರಲಿ, ಹೆಸರಿನ ಸ್ಪೆಲ್ಲಿಂಗ್ ಮಾತ್ರ ಇಂಗ್ಲಿಷಿನಲ್ಲಿ. ಹೊಸ ಕಾರ್ಡಿನ ಪ್ರತಿ ಜೊತೆಗಿಡಿ. ಪತ್ರದ ಇನ್ನೊಂದು ಪ್ರತಿಯ ಮೇಲೆ ಬ್ಯಾಂಕಿನ ಮೊಹರು, ತಾರೀಖು ಹಾಕಿಸಿಕೊಂಡೇ ಕೌಂಟರಿನಿಂದ ಏಳಿ.