ವೇಳಾಪಟ್ಟಿಯ ಬೆರಕೆ ಸಮಯಗಳನ್ನು ಒಂದೇ ಕಾಲಂಗೆ ತರುವ ಬಗೆ

ಹಳೆಯ ಬಸ್ ವೇಳಾಪಟ್ಟಿಯನ್ನು ಸ್ಕ್ಯಾನ್ ಮಾಡಿ ಸ್ಪ್ರೆಡ್‌ಶೀಟಿಗೆ ಇಳಿಸಿದಾಗ ಸಮಯದ ಕಾಲಂನಲ್ಲಿ ಮೂರು ಬಗೆಯ ನಮೂದುಗಳು ಒಟ್ಟಿಗೆ ಬಂದು ಕೂರುತ್ತವೆ. ಕೆಲವು 12 ಗಂಟೆಯ ಲೆಕ್ಕದವು: ‘ರಾ. 9.30’, ‘ಬೆ. 6.15’. ಕೆಲವು 24 ಗಂಟೆಯ ಲೆಕ್ಕದವು: ‘22:25’, ‘0305’. ಇನ್ನು ಕೆಲವು ಸಮಯವೇ ಅಲ್ಲ, ಅವಧಿ: ಹಾಲ್ಟ್ ಹದಿನೈದು ನಿಮಿಷ ಎನ್ನಲು ‘0.15’, ಮುಂದಿನ ಊರಿಗೆ ಹಿಡಿಯುವ ರನ್ನಿಂಗ್ ಟೈಮ್ ಎನ್ನಲು ‘1.25’. ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಕೈಗಳು ತಿದ್ದಿದ ಪಟ್ಟಿಯಲ್ಲಿ ಇವೆಲ್ಲ ಒಂದರ ಕೆಳಗೊಂದು ಸಿಗುತ್ತವೆ. ಕಾಗದದ ಮೇಲೆ ಓದುವ ಕಂಡಕ್ಟರಿಗೆ ಗೊಂದಲವಿಲ್ಲ, ಯಾವುದು ಏನೆಂದು ಅವರಿಗೆ ಮಾರ್ಗವೇ ಹೇಳುತ್ತದೆ. ಸ್ಪ್ರೆಡ್‌ಶೀಟಿಗೆ ಮಾತ್ರ ಎಲ್ಲವೂ ಬರಿಯ ಅಂಕಿಗಳು.

ಮೊದಲ ಹಾನಿ ಆಗುವುದು ಪರಿವರ್ತನೆ ಶುರುವಾಗುವ ಮೊದಲೇ. ‘2.10’ ಎಂದು ಅಂಟಿಸಿದರೆ ಎಕ್ಸೆಲ್ ಅದನ್ನು ದಶಮಾಂಶ ಸಂಖ್ಯೆ ಎಂದುಕೊಂಡು ಕೊನೆಯ ಸೊನ್ನೆ ತೆಗೆದು ‘2.1’ ಮಾಡುತ್ತದೆ. ‘0305’ ಮುಂದಿನ ಸೊನ್ನೆ ಕಳೆದುಕೊಂಡು ‘305’ ಆಗುತ್ತದೆ. ‘2.1’ ಎಂಬುದನ್ನು ಆಮೇಲೆ ನೋಡಿದವರು ಎರಡು ಗಂಟೆ ಒಂದು ನಿಮಿಷ ಎಂದುಕೊಳ್ಳಬಹುದು, ಎರಡು ಗಂಟೆ ಆರು ನಿಮಿಷ ಎಂದೂ ಎಂದುಕೊಳ್ಳಬಹುದು. ಆದ್ದರಿಂದ ಕಾಲಂನ ಫಾರ್ಮ್ಯಾಟನ್ನು ಮೊದಲೇ Text ಎಂದು ಬದಲಿಸಿಯೇ ನಮೂದುಗಳನ್ನು ಅಂಟಿಸಬೇಕು. ಈ ಮೂಲ ಕಾಲಂ ಕೊನೆಯವರೆಗೂ ಹಾಗೆಯೇ ಉಳಿಯಬೇಕು, ಕೆಲಸವೆಲ್ಲ ಪಕ್ಕದ ಕಾಲಂಗಳಲ್ಲಿ ನಡೆಯಬೇಕು. ಅನುಮಾನ ಬಂದಾಗ ಸ್ಕ್ಯಾನ್ ಪ್ರತಿಯೊಂದಿಗೆ ತಾಳೆ ನೋಡಲು ಇರುವ ಆಧಾರ ಅದೊಂದೇ.

ಸ್ಕ್ಯಾನ್ ಓದುವ ತಂತ್ರಾಂಶದ ತಪ್ಪುಗಳನ್ನೂ ಈ ಹಂತದಲ್ಲೇ ತಿದ್ದಬೇಕು. ಇಂಗ್ಲಿಷ್ ಅಂಕಿಗಳಲ್ಲಿ ಸೊನ್ನೆಯ ಜಾಗದಲ್ಲಿ O ಅಕ್ಷರ, ಒಂದರ ಜಾಗದಲ್ಲಿ l ಅಕ್ಷರ ನುಸುಳುತ್ತವೆ. ಕನ್ನಡ ಅಂಕಿಗಳ ಪಟ್ಟಿಯಲ್ಲಿ ಸೊನ್ನೆಗೂ (೦) ಅನುಸ್ವಾರಕ್ಕೂ (ಂ) ಕಣ್ಣಿಗೆ ವ್ಯತ್ಯಾಸವೇ ಕಾಣದು, ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ. ‘೧೦’ ಎಂದು ಕಾಣುವ ನಮೂದು ಸಂಖ್ಯೆಯಾಗಿ ತಿರುಗದೆ ದೋಷ ತೋರಿಸಿದರೆ ಅನುಸ್ವಾರವೂ ಕಾರಣವಿರಬಹುದು. ಎಲ್ಲ ಅಂಕಿಗಳನ್ನೂ 0–9ಕ್ಕೆ ಬದಲಿಸಿಕೊಂಡರೆ ಈ ತೊಡಕು ಮುಗಿಯುತ್ತದೆ.

ಇದಾದ ಮೇಲೆ ಬರುವುದು ಇಡೀ ಕೆಲಸದ ಮುಖ್ಯ ಹಂತ. ಯಾವ ಲೆಕ್ಕವನ್ನೂ ಮಾಡದೆ, ಪ್ರತಿ ನಮೂದಿನ ಪಕ್ಕದಲ್ಲಿ ಅದು ಯಾವ ಬಗೆಯದೆಂದು ಬರೆಯುವುದು. ಮೂರು ಗುರುತು ಸಾಕು: ‘12’, ‘24’, ‘ಅವಧಿ’. ಗಂಟೆಯ ಜಾಗದಲ್ಲಿ 13ರಿಂದ 23ರವರೆಗಿನ ಅಂಕಿ ಇದ್ದರೆ ಅದು 24 ಗಂಟೆಯ ಲೆಕ್ಕ. ಚುಕ್ಕೆಯಿಲ್ಲದ, ಸೊನ್ನೆಯಿಂದ ಶುರುವಾಗುವ ನಾಲ್ಕು ಅಂಕಿಯದೂ ಬಹುಮಟ್ಟಿಗೆ ಅದೇ. ‘ಹಾಲ್ಟ್’, ‘ರನ್ನಿಂಗ್’, ‘ಒಟ್ಟು’ ಎಂಬ ಮಾತು ಪಕ್ಕದಲ್ಲೋ ಶೀರ್ಷಿಕೆಯಲ್ಲೋ ಇದ್ದರೆ ಅವಧಿ. ಉಳಿದವು 12 ಗಂಟೆಯ ಲೆಕ್ಕದವು ಎಂದು ಸದ್ಯಕ್ಕೆ ಇಟ್ಟುಕೊಳ್ಳಬಹುದು. ಆ ಊಹೆ ತಪ್ಪಿದ್ದರೆ ಮುಂದಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಕನ್ನಡ ಪಟ್ಟಿಗಳ ಸಂಕ್ಷೇಪಗಳಲ್ಲಿ ‘ರಾ.’ ಒಂದನ್ನು ವಿಶೇಷವಾಗಿ ಗಮನಿಸಬೇಕು. ‘ಬೆ.’ ಎಂದರೆ ಎ.ಎಂ., ‘ಸಂ.’ ಎಂದರೆ ಪಿ.ಎಂ. ಎಂದು ಕಣ್ಣುಮುಚ್ಚಿ ಬದಲಿಸಬಹುದು. ‘ರಾ.’ ಹಾಗಲ್ಲ. ರಾತ್ರಿ 9.30 ಪಿ.ಎಂ., ರಾತ್ರಿ 12.20 ಎ.ಎಂ., ರಾತ್ರಿ 2 ಗಂಟೆಯೂ ಎ.ಎಂ. ‘ರಾ.’ ಇದ್ದಲ್ಲೆಲ್ಲ 12 ಕೂಡಿಸುವ ಸೂತ್ರ ಬರೆದರೆ ರಾತ್ರಿ ಎರಡರ ಬಸ್ಸು ಮಧ್ಯಾಹ್ನ ಎರಡಕ್ಕೆ ಬಂದು ನಿಲ್ಲುತ್ತದೆ. 12ನೇ ಗಂಟೆಯ ನಿಯಮವೂ ನೆನಪಿರಬೇಕು: ನಡುರಾತ್ರಿಯ 12 ಎಂದರೆ 24 ಗಂಟೆಯ ಲೆಕ್ಕದಲ್ಲಿ 0, ನಡುಹಗಲಿನ 12 ಎಂದರೆ 12.

ಲೆಕ್ಕವನ್ನು ನಿಮಿಷಗಳಲ್ಲಿ ಮಾಡುವುದು ಸುರಕ್ಷಿತ. ಎಕ್ಸೆಲ್ ಸಮಯವನ್ನು ಒಳಗೆ ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ, ಬೆಳಿಗ್ಗೆ 6 ಎಂದರೆ 0.25, ಮಧ್ಯಾಹ್ನ 12 ಎಂದರೆ 0.5. ಅಲ್ಲಿ ತಪ್ಪು ಹುಡುಕುವುದು ಕಷ್ಟ. ನಿಮಿಷವಾದರೆ ಪೂರ್ಣಾಂಕ, ಬಾಯಿಲೆಕ್ಕದಲ್ಲೇ ಪರಿಶೀಲಿಸಬಹುದು. ನಮೂದಿನಿಂದ ಚುಕ್ಕೆ, ಕೋಲನ್, ಅಕ್ಷರಗಳನ್ನು ತೆಗೆದರೆ ಉಳಿಯುವ ಅಂಕಿಗಳಲ್ಲಿ ಕೊನೆಯ ಎರಡು ನಿಮಿಷ, ಅದಕ್ಕೆ ಮುಂಚಿನವು ಗಂಟೆ. ‘2.10’, ‘22:25’, ‘0305’ ಮೂರಕ್ಕೂ ಇದು ಹೊಂದುತ್ತದೆ. ಬರಿ ಅಂಕಿಗಳು B ಕಾಲಂನಲ್ಲಿದ್ದರೆ ನಿಮಿಷಗಳು C ಕಾಲಂನಲ್ಲಿ ಹೀಗೆ ಸಿಗುತ್ತವೆ:

```
=VALUE(LEFT(B2,LEN(B2)-2))*60+VALUE(RIGHT(B2,2))
```

‘ರಾ. 9’ ಎಂಬಂತೆ ನಿಮಿಷವೇ ಇಲ್ಲದ ನಮೂದಿಗೆ ಮೊದಲು ಎರಡು ಸೊನ್ನೆ ಸೇರಿಸಿಕೊಳ್ಳಬೇಕು.

ಒಂದು ಮಾದರಿ ಪಟ್ಟಿಯನ್ನು ಪೂರ್ತಿಯಾಗಿ ಬಿಡಿಸಿದರೆ ಉಳಿದದ್ದು ಸ್ಪಷ್ಟವಾಗುತ್ತದೆ. ಮೈಸೂರಿನಿಂದ ಮಡಿಕೇರಿ ಮೇಲೆ ಮಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಪಟ್ಟಿ ಎಂದಿಟ್ಟುಕೊಳ್ಳಬಹುದು. ಅದರಲ್ಲಿ ಮೈಸೂರು ‘ರಾ. 9.30’, ಹುಣಸೂರು ‘22:25’, ಕುಶಾಲನಗರ ‘11.35’, ಮಡಿಕೇರಿ ‘12.20’, ಅದರ ಕೆಳಗೆ ಹಾಲ್ಟ್ ‘0.15’, ಸುಳ್ಯ ‘2.10’, ಪುತ್ತೂರು ‘0305’, ಮಂಗಳೂರಿನ ಎದುರು ‘ರನ್ನಿಂಗ್ 1.25’, ಕೊನೆಯಲ್ಲಿ ‘ಒಟ್ಟು 7.00’ ಎಂದಿದೆ.

ಮೈಸೂರಿನ ನಮೂದು ಸ್ಪಷ್ಟ: 21:30, ಅಂದರೆ 1290 ನಿಮಿಷ. ಅಲ್ಲಿಂದ ಮುಂದೆ ನೆರವಿಗೆ ಬರುವುದು ಒಂದು ಸರಳ ಸಂಗತಿ: ಬಸ್ಸು ಮುಂದೆ ಹೋದಂತೆ ಸಮಯವೂ ಮುಂದೆಯೇ ಹೋಗಬೇಕು. 12 ಗಂಟೆಯ ಲೆಕ್ಕದ ನಮೂದು ಗಡಿಯಾರದಲ್ಲಿ 720 ನಿಮಿಷಕ್ಕೊಮ್ಮೆ ಮರಳಿ ಬರುತ್ತದೆ, 24 ಗಂಟೆಯದು 1440 ನಿಮಿಷಕ್ಕೊಮ್ಮೆ. ಹಿಂದಿನ ನಿಲ್ದಾಣದ ನಂತರ ಅದು ಮೊದಲ ಬಾರಿ ಬರುವ ಕ್ಷಣವನ್ನು ಹಿಡಿದರೆ ಎ.ಎಂ.-ಪಿ.ಎಂ. ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ಸರಿಯಾದ ನಿಮಿಷಗಳು E ಕಾಲಂನಲ್ಲಿ ಕೂರುವುದಾದರೆ ಮೂರು ಬಗೆಗೆ ಮೂರು ಸೂತ್ರ, ಕ್ರಮವಾಗಿ ‘12’, ‘24’, ‘ಅವಧಿ’:

```
=E2+MOD(C3-E2,720)
=E2+MOD(C3-E2,1440)
=E2+C3
```

ಹುಣಸೂರಿಗೆ 1345 ಸಿಗುತ್ತದೆ. ಕುಶಾಲನಗರದ 11.35 ಎಂದರೆ 695 ನಿಮಿಷ, ಸೂತ್ರ ಅದನ್ನು 1415ಕ್ಕೆ, ಅಂದರೆ 23:35ಕ್ಕೆ ತರುತ್ತದೆ. ಮಡಿಕೇರಿಯ 12.20 ಎಂದರೆ 740. ಅದನ್ನು ಮಧ್ಯಾಹ್ನವೆಂದು ಓದಿದ್ದರೆ ಸುಮಾರು 30 ಕಿಲೋಮೀಟರ್ ದಾರಿಗೆ ಹನ್ನೆರಡೂ ಮುಕ್ಕಾಲು ಗಂಟೆ ಹಿಡಿದಂತಾಗುತ್ತಿತ್ತು. ಸೂತ್ರ ಕೊಡುವುದು 1460, ಕುಶಾಲನಗರದಿಂದ 45 ನಿಮಿಷ. ಹಾಲ್ಟ್ ಕೂಡಿಸಿದರೆ ಮಡಿಕೇರಿ ಬಿಡುವುದು 1475ಕ್ಕೆ. ಸುಳ್ಯ 1570, ಪುತ್ತೂರು 1625.

ಮಂಗಳೂರಿನ ‘1.25’ರಲ್ಲಿ ನಿಜವಾದ ಇಕ್ಕಟ್ಟಿದೆ. ಅದು ಒಂದು ಗಂಟೆ 25 ನಿಮಿಷವೇ, ಅಥವಾ ದಶಮಾಂಶದ ಲೆಕ್ಕದಲ್ಲಿ ಒಂದೂಕಾಲು ಗಂಟೆಯೇ? ಅವಧಿಗಳನ್ನು ಎರಡೂ ರೀತಿ ಬರೆಯುವ ರೂಢಿಯಿದೆ, ಒಂಟಿ ನಮೂದು ನೋಡಿ ಹೇಳಲಾಗದು. ಇಡೀ ಪಟ್ಟಿಯ ಅವಧಿಗಳನ್ನು ನೋಡಬೇಕು. ‘2.75’, ‘0.80’ರಂತೆ ಚುಕ್ಕೆಯ ನಂತರ 60 ಅಥವಾ ಹೆಚ್ಚು ಎಲ್ಲಾದರೂ ಕಂಡರೆ ದಶಮಾಂಶವೇ ಸರಿ, ಏಕೆಂದರೆ ನಿಮಿಷ 59ನ್ನು ದಾಟದು. ‘1.35’, ‘0.40’, ‘2.05’ರಂತಹವೇ ತುಂಬಿದ್ದರೆ ನಿಮಿಷಗಳ ಲೆಕ್ಕ. ಈ ಪಟ್ಟಿಯಲ್ಲಿ ಅಷ್ಟು ಅವಧಿಗಳಿಲ್ಲ, ಆದರೆ ‘ಒಟ್ಟು 7.00’ ಇದೆ. ಏಳು ಗಂಟೆ ಎಂಬುದು ಎರಡೂ ಲೆಕ್ಕದಲ್ಲಿ ಏಳೇ. ನಿಮಿಷವೆಂದು ಓದಿದರೆ ಮಂಗಳೂರು 1710, ಮೈಸೂರಿನ 1290 ಕಳೆದರೆ 420 ನಿಮಿಷ, ಸರಿಯಾಗಿ ಏಳು ಗಂಟೆ. ದಶಮಾಂಶವೆಂದು ಓದಿದರೆ ಹತ್ತು ನಿಮಿಷ ಕಡಿಮೆ ಬರುತ್ತದೆ. ಹೀಗೆ ಪಟ್ಟಿಯ ಕೆಳಗಿನ ಮೊತ್ತವೇ ಪ್ರಶ್ನೆ ತೀರ್ಮಾನಿಸುತ್ತದೆ. ಆ ಸಾಲನ್ನು ಬೇಡವೆಂದು ಅಳಿಸುವವರು ತಮ್ಮ ಅತ್ಯುತ್ತಮ ಸಾಕ್ಷಿಯನ್ನೇ ಕಳೆದುಕೊಳ್ಳುತ್ತಾರೆ.

ಕೊನೆಯ ಕಾಲಂ ಕಾಣಿಸಲು `=E2/1440` ಎಂದು ಬರೆದು ಫಾರ್ಮ್ಯಾಟನ್ನು `[h]:mm` ಎಂದು ಇಡಬೇಕು. ಫಲಿತಾಂಶ ಹೀಗಿರುತ್ತದೆ:

| ನಿಲ್ದಾಣ | ಮೂಲ ನಮೂದು | ಬಗೆ | ನಿಮಿಷ | ಸಮಯ |
|---|---|---|---|---|
| ಮೈಸೂರು | ರಾ. 9.30 | 12 | 1290 | 21:30 |
| ಹುಣಸೂರು | 22:25 | 24 | 1345 | 22:25 |
| ಕುಶಾಲನಗರ | 11.35 | 12 | 1415 | 23:35 |
| ಮಡಿಕೇರಿ ತಲುಪುವುದು | 12.20 | 12 | 1460 | 24:20 |
| ಮಡಿಕೇರಿ ಬಿಡುವುದು | 0.15 | ಅವಧಿ | 1475 | 24:35 |
| ಸುಳ್ಯ | 2.10 | 12 | 1570 | 26:10 |
| ಪುತ್ತೂರು | 0305 | 24 | 1625 | 27:05 |
| ಮಂಗಳೂರು | 1.25 | ಅವಧಿ | 1710 | 28:30 |

28:30 ಎಂಬುದು ತಪ್ಪಲ್ಲ. ಬಸ್ಸು ಹೊರಟ ದಿನದಿಂದಲೇ ಗಂಟೆ ಎಣಿಸುತ್ತ ಹೋದರೆ ಮರುದಿನ ಬೆಳಗಿನ ಜಾವ 4:30 ಹೀಗೆ ಬರುತ್ತದೆ. ಸಾರ್ವಜನಿಕ ಸಾರಿಗೆಯ ದತ್ತಾಂಶಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜಿಟಿಎಫ್‌ಎಸ್ ನಮೂನೆಯಲ್ಲೂ ನಡುರಾತ್ರಿ ದಾಟುವ ಟ್ರಿಪ್ಪಿಗೆ ಸಮಯವನ್ನು 24 ದಾಟಿಸಿಯೇ ಬರೆಯುತ್ತಾರೆ. ಕಾಲಂ ಮೇಲಿನಿಂದ ಕೆಳಗೆ ಏರುತ್ತಲೇ ಇರುವುದರಿಂದ ಎರಡು ನಿಲ್ದಾಣಗಳ ನಡುವಿನ ವೇಳೆ ಬರಿಯ ಕಳೆಯುವ ಲೆಕ್ಕದಲ್ಲಿ ಸಿಗುತ್ತದೆ. `h:mm` ಫಾರ್ಮ್ಯಾಟ್ ಇಟ್ಟರೆ ಅದೇ ಬೆಲೆ 4:30 ಎಂದು ಕಾಣುತ್ತದೆ. ನಿಲ್ದಾಣದ ಗೋಡೆಗೆ ಅಂಟಿಸುವ ಪ್ರತಿಗೆ ಅದೇ ಸರಿ, ಪಕ್ಕದಲ್ಲಿ ‘ಮರುದಿನ’ ಎಂದು ಸೇರಿಸಬೇಕು. ಎಕ್ಸೆಲ್‌ನ TIME ಫಂಕ್ಷನ್ನನ್ನು ಇಲ್ಲಿ ಬಳಸಬಾರದು. ಅದು 24 ದಾಟಿದ ಗಂಟೆಯನ್ನು ಸದ್ದಿಲ್ಲದೆ ಮತ್ತೆ ಸೊನ್ನೆಯಿಂದ ಎಣಿಸುತ್ತದೆ, ದಿನ ಕಳೆದುಹೋಗುತ್ತದೆ.

ಈ ಕ್ರಮಕ್ಕೆ ಮಿತಿಗಳಿವೆ. ಎರಡು ನಿಲ್ದಾಣಗಳ ನಡುವೆ 12 ಗಂಟೆಗಿಂತ ಹೆಚ್ಚು ಹಿಡಿಯುವ ಮಾರ್ಗಕ್ಕೆ ಮೊದಲ ಸೂತ್ರ ಹೊಂದದು. ಸ್ಕ್ಯಾನ್‌ನಲ್ಲಿ ಒಂದು ಅಂಕಿ ತಪ್ಪಿ ಮಡಿಕೇರಿಯ 12.20 ಎಂಬುದು 11.20 ಆಗಿದ್ದರೆ ಸೂತ್ರ ಮರುದಿನ ಬೆಳಿಗ್ಗೆಗೆ ಹಾರುತ್ತದೆ. ಅವಧಿಯನ್ನು ಸಮಯವೆಂದು ಗುರುತಿಸಿದರೂ ಹಾಗೆಯೇ: ಹಾಲ್ಟ್ 0.15ನ್ನು 00:15 ಎಂದು ಓದಿದರೆ ಮಡಿಕೇರಿಯಲ್ಲಿ ಬಸ್ಸು 23 ಗಂಟೆ 55 ನಿಮಿಷ ನಿಂತಂತಾಗುತ್ತದೆ. ಇಂಥ ತಪ್ಪುಗಳು ಬಯಲಾಗುವುದು ಅಂತರದ ಕಾಲಂನಲ್ಲಿ. ಪ್ರತಿ ಸಾಲಿನಿಂದ ಹಿಂದಿನ ಸಾಲು ಕಳೆದು, ಮೂರು ಗಂಟೆ ಮೀರಿದ ಅಂತರಗಳಿಗೆ ಬಣ್ಣ ಹಚ್ಚಿದರೆ ಸಾಕು, ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. 2.10 ಎಂಬುದು 2.16 ಆದಂತಹ ಸಣ್ಣ ತಪ್ಪು ಅಂತರದಲ್ಲಿ ಕಾಣದು. ಮುಂದಿನ ಸಾಲಿನಲ್ಲಿ ಗಡಿಯಾರದ ಸಮಯವೇ ಇದ್ದರೆ ಒಟ್ಟು ಮೊತ್ತದಲ್ಲೂ ಕಾಣದು. ಅದಕ್ಕೆ ಒಂದೇ ದಾರಿ: ಮೂಲ ಕಾಲಂ ಮತ್ತು ಸ್ಕ್ಯಾನ್ ಪ್ರತಿಯನ್ನು ಎದುರುಬದುರು ಇಟ್ಟು, ಒಬ್ಬರು ಓದಿ ಹೇಳುತ್ತ ಇನ್ನೊಬ್ಬರು ಸಾಲು ಸಾಲಾಗಿ ತಾಳೆ ನೋಡುವುದು.