ಪಿಡಿಎಫ್ ಕೆಟ್ಟು ಬಂದರೆ ಪತ್ರ ಹೇಗಿರಬೇಕು?

‘ಬ್ರೋಷರ್ ಚೆನ್ನಾಗಿಲ್ಲ, ಸರಿಮಾಡಿ ಕೊಡಿ’ ಎಂದು ಬರೆದರೆ ಡಿಸೈನರ್ ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: ‘ನಮ್ಮಲ್ಲಿ ಸರಿಯಾಗಿಯೇ ಕಾಣುತ್ತಿದೆ.’ ಅದು ಸುಳ್ಳೂ ಅಲ್ಲ. ಫಾಂಟ್ ಅವರ ಕಂಪ್ಯೂಟರಿನಲ್ಲಿದೆ, ಪಿಡಿಎಫ್ ಒಳಗಿಲ್ಲ. ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುತ್ತವೆ. ಹಾಗಾಗಿ ಫಾಂಟ್ ಇಲ್ಲದ ಕಡೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ.

ಅಡೋಬಿ ರೀಡರ್‌ನಲ್ಲಿ Ctrl+D ಒತ್ತಿ Fonts ಪಟ್ಟಿ ನೋಡಿ. ಫಾಂಟಿನ ಹೆಸರಿನ ಜೊತೆ Embedded ಅಥವಾ Embedded Subset ಎಂದಿಲ್ಲದಿದ್ದರೆ ಆ ಪರದೆಯ ಚಿತ್ರವೇ ನಿಮ್ಮ ಸಾಕ್ಷಿ. ಪತ್ರಕ್ಕೆ ಲಗತ್ತಿಸಿ.

ಚಿತ್ರದ ಲೆಕ್ಕವೂ ಸುಲಭ. ಎ4 ಹಾಳೆಯ ಅಗಲ 8.27 ಇಂಚು. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಎಂದರೆ ಸುಮಾರು 2480 ಬೇಕು. ಮುಖಪುಟದ ಫೋಟೊ 800 ಪಿಕ್ಸೆಲ್ ಇದ್ದರೆ ಇಂಚಿಗೆ ಸಿಗುವುದು ಸುಮಾರು 97.

ಪತ್ರ ಹೀಗಿರಲಿ:

‘ಮಾನ್ಯರೇ, ನೀವು ಕಳಿಸಿದ ಪಿಡಿಎಫ್‌ನ 2 ಮತ್ತು 3ನೇ ಪುಟಗಳ ಕನ್ನಡ ಫಾಂಟ್ ಸೇರ್ಪಡೆಯಾಗಿಲ್ಲ. ಮುಖಪುಟದ ಚಿತ್ರ ಇಂಚಿಗೆ 97 ಪಿಕ್ಸೆಲ್ ಮಾತ್ರ ಇದೆ. ಫಾಂಟ್ ಸೇರಿಸಿ, ನಾವು ಕೊಟ್ಟ ಮೂಲ ಫೋಟೊ ಬಳಸಿ, ಶುಕ್ರವಾರದೊಳಗೆ ಹೊಸ ಪಿಡಿಎಫ್ ಕಳಿಸಿ. ಪರಿಶೀಲಿಸಿದ ಮೇಲೆ ಬಾಕಿ ಹಣ ಪಾವತಿಸುತ್ತೇವೆ.’

‘ಮೂಲ ಫೋಟೊ’ ಎಂಬ ಮಾತನ್ನು ಬಿಡಬೇಡಿ. ಇರುವ ಚಿಕ್ಕ ಚಿತ್ರವನ್ನೇ ಹಿಗ್ಗಿಸಿ 300 ಎಂದು ತೋರಿಸುವುದು ಕಷ್ಟವಲ್ಲ. ಮಸುಕು ಮಾತ್ರ ಹಾಗೇ ಉಳಿಯುತ್ತದೆ. ಫೋಟೊವನ್ನು ನೀವೇ ವಾಟ್ಸ್ಯಾಪ್‌ನಲ್ಲಿ ಕುಗ್ಗಿಸಿ ಕಳಿಸಿದ್ದರೆ ಆ ದೂರು ನಿಲ್ಲುವುದಿಲ್ಲ, ಫಾಂಟಿನದು ನಿಲ್ಲುತ್ತದೆ.